ಆರು ಬಾಕ್ಸ್ ಟೈಲ್ಸ್ ಮತ್ತು ತಪ್ಪಿದ ಲೆಕ್ಕ

ಆರ್‌ಪಿಸಿ ಲೇಔಟಿನಲ್ಲಿ ಟೈಲ್ಸ್ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಗ, ವಾಪಸ್ ಬಂದ ಮಾಲಿಗೆ ಎಷ್ಟು ಹಣ ಹಿಂತಿರುಗಿಸಬೇಕೆಂಬ ಲೆಕ್ಕವನ್ನು ನಾನು ಬಹಳ ಕಾಲ ತಪ್ಪಾಗಿಯೇ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಗಿರಾಕಿಗೆ ಸೇರಬೇಕಾದ ಹಣ ಪ್ರತಿ ಸಲವೂ ಕಡಿಮೆಯಾಗುತ್ತಿತ್ತು, ಅದಕ್ಕೆ ಕಾರಣ ನಾನೇ. ಮನೆ ರಿಪೇರಿ ಮಾಡಿಸುವವರಿಗೂ ಅಂಗಡಿ ನಡೆಸುವವರಿಗೂ ಉಪಯೋಗವಾದೀತೆಂದು ಆ ತಪ್ಪನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಟೈಲ್ಸ್ ವ್ಯಾಪಾರದಲ್ಲಿ ವಾಪಸಾತಿ ಮಾಮೂಲು. ತುಂಡಾಗುವುದು, ಮೂಲೆಯಲ್ಲಿ ಕತ್ತರಿಸುವುದು ಇದ್ದೇ ಇರುತ್ತದೆಂದು ಮೇಸ್ತ್ರಿಗಳು ಸ್ವಲ್ಪ ಹೆಚ್ಚೇ ಬರೆಸುತ್ತಾರೆ. ಕೆಲಸ ಮುಗಿದ ಮೇಲೆ ಬಾಕ್ಸ್‌ಗಳು ಉಳಿಯುತ್ತವೆ. ಒಡೆಯದ ಪೂರ್ತಿ ಬಾಕ್ಸ್ ಆಗಿದ್ದು, ಅದೇ ಬ್ಯಾಚಿನ ಮಾಲು ಅಂಗಡಿಯಲ್ಲಿ ಇನ್ನೂ ಇದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಬರುತ್ತದೆ, ಅಂಥ ನಾಲ್ಕಾರು ಬಾಕ್ಸ್ ಮತ್ತೆ ಮಾರಾಟವಾಗುವುದು ಕಷ್ಟ. ಇಳಿಸಿ, ಪರೀಕ್ಷಿಸಿ, ಮತ್ತೆ ಜೋಡಿಸಿಡುವ ಖರ್ಚಿಗೆಂದು ರೀಸ್ಟಾಕಿಂಗ್ ಚಾರ್ಜ್ ಹಿಡಿಯುತ್ತಾರೆ. ನಮ್ಮ ಅಂಗಡಿಯಲ್ಲಿ ಅದು ನೂರಕ್ಕೆ ಹತ್ತು. ಬಿಲ್ಲಿನಲ್ಲೇ ಅಚ್ಚು ಹಾಕಿಸಿದ್ದೆವು, ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಹಂಪಿನಗರದ ಕಡೆಯ ಹಿರಿಯರೊಬ್ಬರು ಮನೆಯ ನೆಲಕ್ಕೂ ಬಚ್ಚಲಿಗೂ ಟೈಲ್ಸ್ ಕೊಂಡಿದ್ದರು. ನೆಲದ ಟೈಲ್ಸ್ 40 ಬಾಕ್ಸ್, ಬಾಕ್ಸಿಗೆ 900 ರೂಪಾಯಿಯಂತೆ 36,000. ಗೋಡೆಯದು 20 ಬಾಕ್ಸ್, 700ರಂತೆ 14,000. ಒಟ್ಟು 50,000ಕ್ಕೆ ಯಜಮಾನರು ಚೌಕಾಸಿಯಲ್ಲಿ 5,000 ಬಿಟ್ಟರು. ಉಳಿದ 45,000ದ ಮೇಲೆ ಕೇಂದ್ರದ್ದು ಶೇಕಡಾ 9, ರಾಜ್ಯದ್ದು ಶೇಕಡಾ 9, ಒಟ್ಟು 18ರ ಲೆಕ್ಕದಲ್ಲಿ 8,100 ಜಿಎಸ್‌ಟಿ. ಅವರು ಕೊಟ್ಟಿದ್ದು 53,100 ರೂಪಾಯಿ.

ಕೆಲಸ ಮುಗಿದ ಮೇಲೆ ನೆಲದ ಟೈಲ್ಸ್ 6 ಬಾಕ್ಸ್ ವಾಪಸ್ ಬಂದವು. ಬಿಲ್ಲಿನ ದರದಲ್ಲಿ ಅದು 5,400. ಆದರೆ 5,000ದ ರಿಯಾಯಿತಿ ಇಡೀ ಬಿಲ್ಲಿಗೆ ಕೊಟ್ಟದ್ದು, ಅದರ ಪಾಲು ಈ ಬಾಕ್ಸ್‌ಗಳಿಗೂ ಹಂಚಿಕೆಯಾಗಬೇಕು. 50,000ದಲ್ಲಿ 5,400 ಅಂದರೆ ನೂರಕ್ಕೆ 10.8 ಭಾಗ, ರಿಯಾಯಿತಿಯಲ್ಲಿ ಅದರ ಪಾಲು 540. ಹಾಗಾಗಿ ಆ ಬಾಕ್ಸ್‌ಗಳಿಗೆ ನಿಜವಾಗಿ ಬಿದ್ದ ಬೆಲೆ 4,860. ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಶೇಕಡಾ 10, ಅಂದರೆ 486 ರೂಪಾಯಿ ಕಳೆದು, 4,374 ಎಂದು ಚೀಟಿ ಬರೆದುಕೊಟ್ಟೆ.

ಅವರು ಚೀಟಿಯನ್ನು ಬಿಲ್ಲಿನ ಪಕ್ಕಕ್ಕಿಟ್ಟು ನೋಡಿ ಕೇಳಿದರು: "ಟ್ಯಾಕ್ಸ್ ಎಲ್ಲಪ್ಪಾ?"

"ಅದು ಸರ್ಕಾರಕ್ಕೆ ಕಟ್ಟಾಗಿದೆ ಸಾರ್, ವಾಪಸ್ ಬರೋಲ್ಲ" ಎಂದೆ. ನಾನು ಅದನ್ನೇ ನಂಬಿದ್ದೆ.

"ಬಾಕ್ಸ್ ನಿಮ್ಮ ಗೋಡೌನಲ್ಲಿದೆ. ನಾಳೆ ಇನ್ನೊಬ್ಬರಿಗೆ ಮಾರ್ತೀರ, ಅವರ ಹತ್ರಾನೂ ಟ್ಯಾಕ್ಸ್ ತಗೋತೀರ. ಹಾಗಾದ್ರೆ ನನ್ನ ಹತ್ರ ತಗೊಂಡಿದ್ದು ಯಾವ ಮಾಲಿಗೆ?"

ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ನಮ್ಮ ಆಡಿಟರನ್ನು ಕೇಳಿದಾಗ ಅವರು ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 34ನೇ ಸೆಕ್ಷನ್ ತೋರಿಸಿದರು. ಮಾರಿದ ಮಾಲು ವಾಪಸ್ ಬಂದರೆ ಅಂಗಡಿ ಕ್ರೆಡಿಟ್ ನೋಟ್ ಕೊಡಬಹುದು. ಅದನ್ನು ತಿಂಗಳ ರಿಟರ್ನಿನಲ್ಲಿ ತೋರಿಸಿದರೆ ಆ ಮಾಲಿನ ತೆರಿಗೆಯಷ್ಟು ಅಂಗಡಿಯ ಬಾಕಿ ಕಡಿಮೆಯಾಗುತ್ತದೆ. ಮೊದಲು ಕಟ್ಟಿದ ತೆರಿಗೆ ಹಾಗೆ ಅಂಗಡಿಗೆ ವಸೂಲಾಗುತ್ತದೆ, ಅಂಗಡಿ ಅದನ್ನು ಗಿರಾಕಿಗೆ ಕೊಡಬೇಕು. ನಾನು ಬರೆಯುತ್ತಿದ್ದದ್ದು ಬರೀ ಚೀಟಿ. ಕ್ರೆಡಿಟ್ ನೋಟ್ ಮಾಡದೆ ಇದ್ದದ್ದರಿಂದ, ಆಗದ ಮಾರಾಟಕ್ಕೆ ಗಿರಾಕಿಯ ದುಡ್ಡಿನಲ್ಲಿ ತೆರಿಗೆ ಕಟ್ಟಿದಂತಾಗುತ್ತಿತ್ತು. ಅಂಗಡಿಗೂ ಲಾಭವಿಲ್ಲ, ಗಿರಾಕಿಗೆ ನಷ್ಟ.

ಸರಿಯಾದ ಲೆಕ್ಕ ಹೀಗೆ. ವಾಪಸ್ ಬಂದ ಬಾಕ್ಸ್‌ಗಳ ಬೆಲೆ 4,860, ಅದರ ಮೇಲಿನ ತೆರಿಗೆ 874.80, ಎರಡೂ ಸೇರಿ 5,734.80ಕ್ಕೆ ಕ್ರೆಡಿಟ್ ನೋಟ್. ರೀಸ್ಟಾಕಿಂಗ್ ಚಾರ್ಜು ಅಂಗಡಿ ಮಾಡಿದ ಸೇವೆಯೆಂದು ಬೇರೆ ಬಿಲ್ ಮಾಡಿದರೆ 486ಕ್ಕೆ ಶೇಕಡಾ 18 ಸೇರಿ 573.48. ಒಂದರಲ್ಲಿ ಇನ್ನೊಂದು ಕಳೆದರೆ ಗಿರಾಕಿಗೆ 5,161.32. ಬೇರೆ ಬಿಲ್ ಮಾಡದೆ ಚಾರ್ಜನ್ನು ಮಾಲಿನ ಬೆಲೆಯಲ್ಲೇ ಕಳೆದು, ಉಳಿದ 4,374ಕ್ಕೆ ತೆರಿಗೆ ಸೇರಿಸಿ ಕ್ರೆಡಿಟ್ ನೋಟ್ ಮಾಡಿದರೂ ಅದೇ ಮೊತ್ತ ಬರುತ್ತದೆ. ಮಾಲಿನ ದರ, ಸೇವೆಯ ದರ ಎರಡೂ ಶೇಕಡಾ 18 ಆಗಿರುವುದರಿಂದ ಹೀಗೆ ತಾಳೆಯಾಗುತ್ತದೆ. ಮಾಲಿನ ದರ ಬೇರೆಯಿದ್ದರೆ ಎರಡು ದಾರಿಗಳಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ನಾನು ಕೊಟ್ಟಿದ್ದು 4,374, ಕಡಿಮೆಯಾದದ್ದು 787.32.

ತೆರಿಗೆಯನ್ನು ಯಾವ ದರದಲ್ಲಿ ಹಿಂತಿರುಗಿಸಬೇಕು ಎನ್ನುವುದರಲ್ಲೂ ಎಡವುವವರಿದ್ದಾರೆ. ವಾಪಸ್ ಮಾಡಿದ ದಿನದ ದರವಲ್ಲ, ಮೂಲ ಬಿಲ್ಲಿನ ದರವೇ ಲೆಕ್ಕಕ್ಕೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮುಂಚೆ 28 ಕೊಟ್ಟು ಕೊಂಡ ಮೂಟೆಗಳನ್ನು ಆಮೇಲೆ ಹಿಂತಿರುಗಿಸಿದವರಿಗೆ 28ರ ಲೆಕ್ಕದಲ್ಲೇ ತೆರಿಗೆ ಬರಬೇಕು. ಹಾಗೆಯೇ ಒಂದೇ ಬಿಲ್ಲಿನಲ್ಲಿ ಎರಡು ದರದ ಮಾಲಿದ್ದರೆ, ಒಟ್ಟು ತೆರಿಗೆಯನ್ನು ಸರಾಸರಿ ಮಾಡಿ ಹಂಚಬಾರದು, ವಾಪಸ್ ಬಂದ ಮಾಲಿನ ಸಾಲಿನಲ್ಲಿರುವ ದರವನ್ನೇ ಹಿಡಿಯಬೇಕು.

ಇದಕ್ಕೊಂದು ಗಡುವೂ ಇದೆ. ಮಾರಾಟವಾದ ಆರ್ಥಿಕ ವರ್ಷ ಮುಗಿದ ನಂತರ ಬರುವ ನವೆಂಬರ್ 30, ಇಲ್ಲವೇ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅಷ್ಟರೊಳಗೆ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಬೇಕು. ಅದು ದಾಟಿದರೆ ಅಂಗಡಿಗೆ ತೆರಿಗೆ ವಸೂಲಾಗದು. ನನಗೆ ಹೆಚ್ಚು ನೋವಾದದ್ದು ಇಲ್ಲಿಯೇ. ಹಳೆಯ ಚೀಟಿಗಳನ್ನೆಲ್ಲ ತೆಗೆದು ಕೂತಾಗ ಕೆಲವದರ ಗಡುವು ಮುಗಿದುಹೋಗಿತ್ತು. ಗಡುವಿನೊಳಗಿದ್ದವಕ್ಕೆ ಕ್ರೆಡಿಟ್ ನೋಟ್ ಮಾಡಿ, ಗಿರಾಕಿಗಳಿಗೆ ಫೋನ್ ಹಚ್ಚಿ ಹಣ ಕಳಿಸಿದೆವು. ಮುಗಿದವಕ್ಕೆ ಯಜಮಾನರು ಅಂಗಡಿಯ ಗಂಟಿನಿಂದಲೇ ಕೊಟ್ಟರು. ನನ್ನ ಅಜ್ಞಾನಕ್ಕೆ ಅವರು ದಂಡ ತೆತ್ತರು. ನಂಬರ್ ಸಿಗದ ಗಿರಾಕಿಗಳ ಹಣ ಇನ್ನೂ ಹಾಗೇ ಉಳಿದಿದೆ.

ಇನ್ನೊಂದು ಮಾತು. ಮಾಲಿನಲ್ಲೇ ದೋಷವಿದ್ದರೆ ರೀಸ್ಟಾಕಿಂಗ್ ಚಾರ್ಜ್ ಹಿಡಿಯುವುದು ನ್ಯಾಯವಲ್ಲ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ಮೇಲಿನ ಕಡಿತದ ಲೆಕ್ಕವೇನಿದ್ದರೂ, ಒಳ್ಳೆಯ ಮಾಲನ್ನು ನಮಗೆ ಹೆಚ್ಚಾಯಿತೆಂದು ಹಿಂತಿರುಗಿಸುವವರಿಗೆ.

ಈಗ ಯಾರು ಕೇಳಿದರೂ ಒಂದು ಸುಲಭದ ತಾಳೆ ಹೇಳಿಕೊಡುತ್ತೇನೆ. ಬಿಲ್ಲಿನ ಮಾಲೆಲ್ಲ ಒಂದೇ ತೆರಿಗೆ ದರದ್ದಾಗಿದ್ದರೆ, ತೆರಿಗೆ ಸೇರಿ ನೀವು ಕೊಟ್ಟ ಒಟ್ಟು ಹಣದಲ್ಲಿ ವಾಪಸ್ ಮಾಲಿನ ಪಾಲೆಷ್ಟೆಂದು ನೋಡಿ. 53,100ರಲ್ಲಿ ನೂರಕ್ಕೆ 10.8 ಅಂದರೆ 5,734.80. ಕಡಿತ ಶೇಕಡಾ 10 ಆದರೆ ಅದರ ಶೇಕಡಾ 90, ಅಂದರೆ 5,161.32 ಕೈಗೆ ಬರಬೇಕು. ಸಾಗಣೆ ಖರ್ಚನ್ನು ಬಿಲ್ಲಿಗೆ ಸೇರಿಸಿದ್ದರೆ ಮೊದಲು ಅದನ್ನು, ಅದರ ತೆರಿಗೆಯೊಂದಿಗೆ, ಬದಿಗಿಡಿ; ಲಾರಿ ಬಂದುಹೋದ ಬಾಡಿಗೆ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಕೈಗೆ ಬಂದದ್ದು ಇದಕ್ಕಿಂತ ಕಡಿಮೆಯಿದ್ದರೆ ಕ್ರೆಡಿಟ್ ನೋಟ್ ಕೇಳಿ, ಅದರಲ್ಲಿ ತೆರಿಗೆಯ ಸಾಲು ಇದೆಯೇ ನೋಡಿ. ಆ ಸಾಲು ಇಲ್ಲದಿದ್ದರೆ, ನಾನು ಮಾಡುತ್ತಿದ್ದ ತಪ್ಪೇ ಅಲ್ಲಿಯೂ ಆಗಿದೆ ಎಂದರ್ಥ.