ನಮ್ಮಿಬ್ಬರ ‘ಲವ್ ಲ್ಯಾಂಗ್ವೇಜ್’ ಗೊತ್ತಾಯ್ತು, ಸಾಲದ ವಿಷಯ ಯಾರು ಹೇಳೋದು?

ಪ್ರೀತಿಗೂ ಭಾಷೆ ಇರುತ್ತೆ, ಗಂಡ ತನ್ನ ಭಾಷೆಯಲ್ಲಿ ಹೇಳಿದ್ದು ಹೆಂಡತಿಗೆ ತಿಳಿಯದೇ ಹೋಗಬಹುದು ಅನ್ನೋ ಮಾತು ಈಗ ನಮ್ಮ ಆಫೀಸಿನ ಊಟದ ಡಬ್ಬಿಗಳ ನಡುವೆಯೂ ಬಂದು ಕೂತಿದೆ. ಎಂಗೇಜ್‌ಮೆಂಟ್ ಆದ ಹುಡುಗಿಯರು ಹುಡುಗನಿಗೆ ಲಿಂಕ್ ಕಳಿಸಿ ‘ಲವ್ ಲ್ಯಾಂಗ್ವೇಜ್’ ಟೆಸ್ಟ್ ಮಾಡಿಸ್ತಾರೆ. ಜಾತಕದ ಗುಣ ಕೂಡಿಸಿದ ಮೇಲೆ ಇದು ಇನ್ನೊಂದು ಕೂಡಾವಳಿ.

ಈ ಲೆಕ್ಕ ಕೊಟ್ಟವರು ಅಮೆರಿಕದ ಗ್ಯಾರಿ ಚಾಪ್‌ಮನ್. ಚರ್ಚಿನಲ್ಲಿ ಪಾದ್ರಿಯಾಗಿದ್ದು ದಂಪತಿಗಳಿಗೆ ಸಲಹೆ ಕೊಡ್ತಿದ್ದವರು. ಅವರ ಪುಸ್ತಕ ಬಂದಿದ್ದು 1992ರಲ್ಲಿ. ಮೆಚ್ಚುಗೆಯ ಮಾತು, ಜೊತೆಗೆ ಕಳೆಯುವ ಸಮಯ, ಉಡುಗೊರೆ, ಮಾಡಿಕೊಡುವ ಕೆಲಸ, ಸ್ಪರ್ಶ – ಹೀಗೆ ಐದು ಭಾಷೆ. ಒಬ್ಬೊಬ್ಬರಿಗೂ ಇದರಲ್ಲಿ ಒಂದು ಮುಖ್ಯವಾಗಿರುತ್ತೆ, ಸಂಗಾತಿ ಆ ಭಾಷೆಯಲ್ಲಿ ಪ್ರೀತಿ ತೋರಿಸಿದರೆ ಸಂಸಾರ ಸರಿಹೋಗುತ್ತೆ ಅನ್ನೋದು ಅವರ ವಾದ.

ನಮ್ಮ ಮನೆಯಲ್ಲಿ ಈ ವಾದ ಅರ್ಧ ದಾರಿ ಚೆನ್ನಾಗಿಯೇ ನಡೀತು. ಅದನ್ನ ಮೊದಲು ಹೇಳಿಬಿಡ್ತೀನಿ.

ನನ್ನ ಕೆಲಸ ಚಾಮರಾಜನಗರದಲ್ಲಿ, ಮನೆ ಗುಂಡ್ಲುಪೇಟೆಯಲ್ಲಿ. ದಿನಾ ಬಸ್ಸು. ಇವರು ದಾರಿ ಮಧ್ಯೆ ಸಿಗುವ ತೆರಕಣಾಂಬಿಯಲ್ಲಿ ತರಕಾರಿ ವ್ಯಾಪಾರದವರು, ಕೇರಳಕ್ಕೆ ಲೋಡ್ ಕಳಿಸ್ತಾರೆ. ಮದುವೆಯಾಗಿ ನಾಲ್ಕು ವರ್ಷ, ಎರಡು ವರ್ಷದ ಮಗ. ಇವರದು ಮಾತು ಕಮ್ಮಿ. ಆದರೆ ನನ್ನ ಸ್ಕೂಟರಿಗೆ ಪೆಟ್ರೋಲ್ ಇಲ್ಲ ಅಂತ ನಾನು ಇದುವರೆಗೂ ಹೇಳಬೇಕಾಗಿ ಬಂದಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಬ್ಯಾಗಿನಲ್ಲಿ ಛತ್ರಿ ಇರುತ್ತೆ. ನನಗೆ ಬೇಕಿದ್ದದ್ದು ಇನ್ನೊಂದು. ದಿನದಲ್ಲಿ ಒಂದು ಸಲ ಎದುರು ಕೂತು, ‘ಇವತ್ತು ಏನಾಯ್ತು?’ ಅಂತ ಕೇಳಬೇಕಿತ್ತು. ಅದು ಸಿಗದ ದಿನ ಟ್ಯಾಂಕ್ ತುಂಬಿದ್ದರೂ ನನ್ನ ಮನಸ್ಸು ಖಾಲಿ.

ಟೆಸ್ಟ್‌ನಲ್ಲಿ ಇವರಿಗೆ ‘ಮಾಡಿಕೊಡುವ ಕೆಲಸ’ ಬಂತು, ನನಗೆ ‘ಜೊತೆಗೆ ಕಳೆಯುವ ಸಮಯ’. ಇಬ್ಬರೂ ನಕ್ಕೆವು. ಆಮೇಲೆ ಛತ್ರಿ ನನ್ನ ಕಣ್ಣಿಗೆ ಬರೀ ಛತ್ರಿಯಾಗಿ ಕಾಣಲಿಲ್ಲ. ನಾನೂ ‘ನಿಮಗೆ ನನ್ನ ಮೇಲೆ ಗಮನವೇ ಇಲ್ಲ’ ಅನ್ನೋದು ಬಿಟ್ಟು, ‘ಊಟ ಆದ್ಮೇಲೆ ಹತ್ತು ನಿಮಿಷ ಫೋನ್ ಆಚೆ ಇಡಿ, ಜಗಲಿ ಮೇಲೆ ಕೂರೋಣ’ ಅಂದೆ. ದೂರು ಹೋಗಿ ಕೋರಿಕೆ ಆಯ್ತು. ಕೋರಿಕೆಗೆ ಗಂಟೆ, ನಿಮಿಷ, ಜಾಗ ಇತ್ತು, ಹಾಗಾಗಿ ಇವರಿಗೆ ಮಾಡೋದಕ್ಕೂ ಸುಲಭವಾಯ್ತು. ಈ ವಿಚಾರದ ನಿಜವಾದ ಉಪಕಾರ ಇಷ್ಟು: ಇರುವ ಪ್ರೀತಿ ಕಣ್ಣಿಗೆ ಬೀಳೋ ಹಾಗೆ ಮಾಡುತ್ತೆ, ಇಲ್ಲದ್ದನ್ನ ಜಗಳವಿಲ್ಲದೆ ಕೇಳೋಕೆ ಒಂದು ಮಾತು ಕೊಡುತ್ತೆ. ನಮ್ಮತ್ತೆಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತು. ‘ಉಂಡ್ಯಾ ಕೂಸು?’ ಅನ್ನೋ ಒಂದೇ ಮಾತಿನಲ್ಲಿ ಅವರ ಪ್ರೀತಿಯೆಲ್ಲ ಬಂದುಬಿಡುತ್ತೆ.

ಆದರೆ ಹತ್ತು ನಿಮಿಷದ ಒಪ್ಪಂದ ಎರಡು ವಾರವೂ ನಿಲ್ಲಲಿಲ್ಲ. ಕಾರಣ ಪ್ರೀತಿಯಲ್ಲಿ ಇರಲಿಲ್ಲ, ಗಡಿಯಾರದಲ್ಲಿತ್ತು. ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. 2009ರಿಂದಲೂ ಹೀಗೇ. ಕೇರಳಕ್ಕೆ ಹೋಗೋ ಲೋಡ್ ಒಂಬತ್ತರೊಳಗೆ ಚೆಕ್‌ಪೋಸ್ಟ್ ದಾಟದಿದ್ದರೆ ಟೊಮೆಟೊ, ಬೀನ್ಸ್ ಲಾರಿಯಲ್ಲೇ ಬೆಳಗು ಮಾಡಬೇಕು. ಹಾಗಾಗಿ ಸಂಜೆ ಐದರಿಂದ ಎಂಟರವರೆಗೆ ಇವರಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಮನೆಗೆ ಬರೋದು ಒಂಬತ್ತೂಕಾಲಿಗೆ. ನಾನು ಬೆಳಗ್ಗೆ ಐದಕ್ಕೆ ಎದ್ದವಳು, ಏಳೂಮುಕ್ಕಾಲಿನ ಬಸ್ಸು ಹಿಡಿದು, ಸಂಜೆ ಏಳಕ್ಕೆ ಮನೆ ಸೇರಿ, ಮುದ್ದೆ ತಿರುವಿ, ಮಗುವನ್ನ ಮಲಗಿಸಿ, ಒಂಬತ್ತೂಕಾಲಿಗೆ ಜಗಲಿ ಮೇಲೆ ಕೂತರೆ ತೂಕಡಿಕೆ. ಇವರು ‘ಇವತ್ತು ಏನಾಯ್ತು?’ ಅಂತ ಕೇಳಿದರೂ ಉತ್ತರ ಹೇಳೋ ಶಕ್ತಿ ನನ್ನಲ್ಲಿ ಇರ್ತಿರಲಿಲ್ಲ.

ನಮ್ಮ ಕಡೆ ಆಷಾಢದಲ್ಲಿ ಹೊಸ ಹೆಂಡತಿ ತವರಿಗೆ ಹೋಗ್ತಾಳೆ. ಚಾಮರಾಜೇಶ್ವರನ ತೇರು ಬರೋದೂ ಆಷಾಢದಲ್ಲೇ, ಹಾಗಾಗಿ ತೇರಿನ ದಿನ ಹೊಸ ಜೋಡಿಗಳು ಚಾಮರಾಜನಗರದಲ್ಲಿ ಸೇರಿ ರಥಕ್ಕೆ ಹಣ್ಣು-ಧವನ ಎಸೀತಾರೆ. ನಾವೂ ಎಸೆದಿದ್ದೆವು. ಆ ತಿಂಗಳು ನಮಗೆ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಏನೂ ದೂರ ಇರಲಿಲ್ಲ. ಪದ್ಧತಿ ದೂರ ಇಟ್ಟಿತ್ತು ಅಷ್ಟೇ. ಈಗಲೂ ಅದೇ ಥರ. ಆಗ ಪದ್ಧತಿ, ಈಗ ಬಸ್ಸು, ಲಾರಿ, ಒಲೆ.

ಅದರಲ್ಲೂ ಒಲೆಯ ಲೆಕ್ಕ ಬೇರೆಯೇ. ಇವರು ಮಾಡಿಕೊಡುವ ಕೆಲಸಗಳನ್ನ ಒಂದು ದಿನ ಕೂತು ಎಣಿಸಿದೆ. ಪೆಟ್ರೋಲ್, ಗ್ಯಾಸ್ ಬುಕಿಂಗ್, ರಿಚಾರ್ಜ್. ಎಲ್ಲವೂ ವಾರಕ್ಕೋ ತಿಂಗಳಿಗೋ ಒಂದು ಸಲದ್ದು, ಇವರಿಗೆ ಬಿಡುವಾದಾಗ ಮಾಡೋವಂಥದ್ದು. ನನ್ನವು ದಿನಾ ಇರೋವು, ಆ ಹೊತ್ತಿಗೇ ಆಗಬೇಕಾದವು. ಇವರ ಕೆಲಸಕ್ಕೆ ಪ್ರೀತಿ ಅಂತ ಹೆಸರು ಬಂತು, ನನ್ನದಕ್ಕೆ ಯಾವ ಹೆಸರೂ ಇರಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಅಂಥ ಕೆಲಸ ಮಾಡುವ ಗಂಡಸರು ಕೊಡೋದು 97 ನಿಮಿಷ. ಈ 202 ನಿಮಿಷದ ಅಂತರವನ್ನ ಮೆಚ್ಚುಗೆಯ ಮಾತಿನಿಂದಲೋ ಸೀರೆಯಿಂದಲೋ ತುಂಬೋಕೆ ಆಗಲ್ಲ. ಕೆಲಸವೇ ಕೈ ಬದಲಾಯಿಸಬೇಕು.

ನಮ್ಮಲ್ಲಿ ಬದಲಾಗಿದ್ದು ಹೀಗೆ. ಇವರು ಮನೆ ಬಿಡೋದು ಹನ್ನೊಂದಕ್ಕೆ. ಹಾಗಾಗಿ ಬೆಳಗಿನ ಪಾಲು ಇವರದು: ಮಗುವಿನ ಸ್ನಾನ, ತಿಂಡಿ, ಅಂಗನವಾಡಿಗೆ ಬಿಡೋದು, ರಾತ್ರಿ ಅಡುಗೆಗೆ ತರಕಾರಿ ಹೆಚ್ಚಿಡೋದು. ‘ಹೆಲ್ಪ್ ಮಾಡ್ತೀನಿ’ ಅನ್ನೋ ಪದ ತೆಗೆದುಹಾಕಿದೆವು. ತಿಂಡಿ ಇವರ ಕೆಲಸ ಅಂದ್ಮೇಲೆ, ಉಪ್ಪಿಟ್ಟಿಗೆ ರವೆ ಇದೆಯಾ ಅಂತ ಹಿಂದಿನ ದಿನ ನೋಡಿಡೋದೂ ಇವರದೇ. ನಾನೀಗ ಏಳೋದು ಆರಕ್ಕೆ, ರಾತ್ರಿ ಒಂಬತ್ತೂಕಾಲಿಗೂ ನನ್ನ ಕಣ್ಣು ತೆರೆದಿರುತ್ತೆ. ಸಮಯ ಹುಟ್ಟಿದ್ದು ಹೀಗೆ.

ಮೂರನೇದು ಕಷ್ಟದ್ದು. ಒಂದು ಮಧ್ಯಾಹ್ನ ನಮ್ಮ ಜಂಟಿ ಖಾತೆಯಿಂದ 6,643 ರೂಪಾಯಿ ಕಟ್ ಆಯ್ತು ಅಂತ ಮೆಸೇಜ್ ಬಂತು. ಯಾವ ಕಂತು ಅಂತ ನನಗೆ ಗೊತ್ತೇ ಇಲ್ಲ. ಮೈದುನನ ಜಮೀನಿನ ಬೋರ್‌ವೆಲ್‌ಗೆ ಇವರು ಎರಡು ಲಕ್ಷ ಸಾಲ ಮಾಡಿ ಕೊಟ್ಟಿದ್ದರು. ಶೇಕಡಾ 12 ಬಡ್ಡಿ, 36 ಕಂತು. ಅಂದರೆ ಬಡ್ಡಿಯೇ ಸುಮಾರು 39 ಸಾವಿರ. ಸಾಲ ತೆಗೆದ ವಾರವೇ ನನಗೊಂದು ಜೊತೆ ಓಲೆ ತಂದಿದ್ದರು ಅನ್ನೋದು ಆಗ ನೆನಪಾಯ್ತು.

‘ಯಾಕ್ರೀ ಹೇಳ್ಲಿಲ್ಲ?’ ಅಂತ ಕೇಳಿದೆ.

‘ನಂಗೆ ಮಾತಲ್ಲಿ ಹೇಳಕ್ಕೆ ಬರಲ್ಲ ಕಣೇ. ನನ್ನ ಭಾಷೆ ಕೆಲಸ ಅಂತ ಆ ಟೆಸ್ಟಲ್ಲೇ ಬಂದಿತ್ತಲ್ಲ.’

ಇವರು ಅದನ್ನ ನಂಬಿಯೇ ಹೇಳಿದ್ದು, ನಾಟಕ ಇರಲಿಲ್ಲ. ಆ ಐದು ಭಾಷೆಯ ಲೆಕ್ಕ ಎಲ್ಲಿ ಸೋಲುತ್ತೆ ಅಂತ ನನಗೆ ಕಂಡಿದ್ದು ಅಲ್ಲೇ. ಪ್ರೀತಿ ತೋರಿಸೋ ರೀತಿ ಬೇರೆ ಬೇರೆ ಇರಬಹುದು. ಇಬ್ಬರ ದುಡ್ಡಿನ ಬಗ್ಗೆ ಇಬ್ಬರೂ ಸೇರಿ ತೀರ್ಮಾನ ಮಾಡೋದು ರೀತಿಯ ಪ್ರಶ್ನೆ ಅಲ್ಲವೇ ಅಲ್ಲ. ಮಾತು ಬರಲ್ಲ ಅನ್ನೋ ಸ್ವಭಾವ ‘ಚೆನ್ನಾಗಿ ಕಾಣ್ತೀಯ’ ಅನ್ನೋದಕ್ಕೆ ಅಡ್ಡ ಬಂದರೆ ಸಹಿಸಬಹುದು. ‘ಸಾಲ ತಗೊಂಡಿದ್ದೀನಿ’ ಅನ್ನೋದಕ್ಕೆ ಅಡ್ಡ ಬಂದರೆ ಅದನ್ನ ಭಾಷೆ ಅನ್ನೋಕಾಗಲ್ಲ.

ಭಾಷೆಯ ಮಾತು ಬದಿಗಿಟ್ಟು ಒಂದು ಭಾನುವಾರ ಹಾಳೆ-ಪೆನ್ನು ಹಿಡಿದು ಕೂತೆವು. ಇಬ್ಬರ ಆದಾಯ, ಖರ್ಚು, ಉಳಿದ ಕಂತು ಬರೆದೆವು. ಮೈದುನನನ್ನೂ ಕರೆದೆವು. ತಿಂಗಳಿಗೆ ಮೂರು ಸಾವಿರ ಕೊಡ್ತೀನಿ ಅಂತ ಒಪ್ಪಿಕೊಂಡ, ಇದುವರೆಗೆ ಎರಡು ಸಲ ಕೊಟ್ಟಿದ್ದಾನೆ. ಹತ್ತು ಸಾವಿರಕ್ಕಿಂತ ಹೆಚ್ಚಿನ ಯಾವುದೇ ಸಾಲ, ಕೊಡುಗೆ, ಖರೀದಿ ಇಬ್ಬರಿಗೂ ಗೊತ್ತಾಗಿಯೇ ಆಗಬೇಕು ಅನ್ನೋದು ನಿಯಮ. ನನ್ನ ಸಂಬಳದ ಒಂದು ಪಾಲು ಈಗ ನನ್ನ ಹೆಸರಿನ ಆರ್‌ಡಿಗೆ ಹೋಗುತ್ತೆ. ಇವರಿಗೆ ಮೊದಲು ಬೇಜಾರಾಯ್ತು. ನಾನು ಬಿಡಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯ್ತು, ಸಂಶೋಧಕರೂ ಈ ಲೆಕ್ಕವನ್ನ ತೂಗಿ ನೋಡಿದ್ದಾರೆ. 2024ರಲ್ಲಿ ಎಮಿಲಿ ಇಂಪೆಟ್, ಗಿಡಿಯನ್ ಪಾರ್ಕ್, ಏಮಿ ಮ್ಯೂಸ್ ಅನ್ನೋ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದರು. ಟೆಸ್ಟು ಎರಡರಲ್ಲಿ ಒಂದನ್ನ ಆರಿಸು ಅನ್ನುತ್ತೆ, ಅದಕ್ಕೇ ಒಂದು ಭಾಷೆ ಗೆದ್ದ ಹಾಗೆ ಕಾಣುತ್ತೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಿದರೆ ಜನ ಹೆಚ್ಚುಕಡಿಮೆ ಐದೂ ಬೇಕು ಅಂತಾರೆ. ಭಾಷೆ ಹೊಂದಿದ ಜೋಡಿಗಳೇ ಹೆಚ್ಚು ಸುಖವಾಗಿರ್ತಾರೆ ಅನ್ನೋದಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಭಾಷೆ ಅನ್ನೋ ಬದಲು ಸಮತೋಲನದ ಊಟ ಅನ್ನಿ ಅಂತ ಅವರ ಸಲಹೆ. ನಮಗೆ ಹೇಳಬೇಕಾ? ಮುದ್ದೆ ಎಷ್ಟೇ ಇಷ್ಟ ಇರಲಿ, ಸಾರಿಲ್ಲದೆ ಬರೀ ಮುದ್ದೆ ಗಂಟಲಲ್ಲಿ ಇಳಿಯಲ್ಲ.

ನಿಮ್ಮ ಮನೆಯ ಜಗಳ ಯಾವ ಥರದ್ದು ಅಂತ ನೋಡ್ಕೋಬೇಕಾದರೆ ಒಂದೇ ಪ್ರಶ್ನೆ ಸಾಕು. ‘ನಾನು ಹೇಳ್ತಿರೋದು ಇವರಿಗೆ ಪೂರ್ತಿ ಅರ್ಥವಾಯ್ತು ಅಂದ್ಕೊಳ್ಳೋಣ. ಆಮೇಲೆ ಏನಾದರೂ ಉಳಿಯುತ್ತಾ?’ ಏನೂ ಉಳಿಯದಿದ್ದರೆ ಅದು ಭಾಷೆಯ ತೊಡಕು, ಟೆಸ್ಟು ಮಾಡಿ, ಜಗಲಿ ಮೇಲೆ ಕೂರಿ. ಪಾತ್ರೆ, ಕಂತು, ಅತ್ತೆ-ಮಾವನ ಔಷಧಿ ಖರ್ಚು ಹಾಗೇ ಉಳಿದರೆ ಹಾಳೆ-ಪೆನ್ನು ತಗೊಳ್ಳಿ.

ಉಳಿಯೋದು ಭಯ ಆಗಿದ್ದರೆ ಎರಡೂ ಬೇಡ. ಚಾಪ್‌ಮನ್ ಪುಸ್ತಕದಲ್ಲಿ ದ್ವೇಷದಿಂದ ನಡೆದುಕೊಳ್ಳುವ ಗಂಡನಿಗೆ ಆರು ತಿಂಗಳು ಅವನ ಭಾಷೆಯಲ್ಲೇ ಪ್ರೀತಿ ಕೊಟ್ಟು ನೋಡು ಅಂತ ಒಬ್ಬ ಹೆಂಡತಿಗೆ ಹೇಳುವ ಅಧ್ಯಾಯ ಇದೆ. ಆ ಅಧ್ಯಾಯವನ್ನ ನಾನು ಯಾವ ಗೆಳತಿಗೂ ಕೊಡಲ್ಲ. ಹೊಡೆಯೋ, ಹೆದರಿಸೋ, ಸಂಬಳ ಕಿತ್ಕೊಳ್ಳೋ ಗಂಡನಿಗೆ ಹೆಂಡತಿಯ ಭಾಷೆ ಚೆನ್ನಾಗಿಯೇ ಅರ್ಥವಾಗಿರುತ್ತೆ. ಅಲ್ಲಿ ಬೇಕಾಗೋದು 181, ಮಹಿಳಾ ಸಹಾಯವಾಣಿ.

ನಮ್ಮ ಸಾಲದಲ್ಲಿ ಇನ್ನೂ 21 ಕಂತು ಬಾಕಿ ಇದೆ. ಪ್ರತಿ ತಿಂಗಳು ದುಡ್ಡು ಕಟ್ ಆದ ದಿನ ಇವರೇ ಫೋನ್ ಮಾಡಿ, ‘ಹೋಯ್ತು ಕಣೇ, ಇನ್ನಿಷ್ಟು ಉಳೀತು’ ಅಂತ ಲೆಕ್ಕ ಹೇಳ್ತಾರೆ. ಐದು ಭಾಷೆಯ ಪಟ್ಟಿಯಲ್ಲಿ ಇದು ಎಲ್ಲಿ ಸೇರುತ್ತೋ ಗೊತ್ತಿಲ್ಲ. ನನಗಂತೂ ಆ ಫೋನು ಓಲೆಗಿಂತ ಇಷ್ಟ.