ಹಳೇ ಸುದ್ದಿಯೊಳಗಿನ 'ಪತ್ನಿ'

ಹೋದ ವರ್ಷ ನಮ್ಮ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ತೀರಿಕೊಂಡರು. ಪುಟ ಮುಗಿಯುವ ಹೊತ್ತು. ಹಿಂದಿನ ವಾರ ಹಿರಿಯರೊಬ್ಬರ ನಿಧನಕ್ಕೆ ಬರೆದಿದ್ದ ಸುದ್ದಿಯನ್ನೇ ಮೊಬೈಲ್‌ನಲ್ಲಿ ತೆರೆದು ಹೆಸರು, ವಯಸ್ಸು, ಊರು ಬದಲಿಸಿ ಕಳಿಸಿಬಿಟ್ಟೆ.

ಬೆಳಿಗ್ಗೆ ಅವರ ಯಜಮಾನರ ಫೋನ್. "ಪತ್ನಿಯನ್ನು ಅಗಲಿದ್ದಾರೆ ಅಂತ ಬರ್ದೀರಲ್ರೀ, ನಾನ್ಯಾರು ಹಾಗಾದ್ರೆ?" ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ತಿದ್ದುಪಡಿ ಬಂತು. ಆದರೆ ಮನೆಯವರು ಎತ್ತಿಡುವುದು ಮೊದಲ ದಿನದ ಪೇಪರನ್ನೇ.

ಕಳಿಸುವ ಮುಂಚೆ ಎರಡು ಸಲ ಓದಿದ್ದೆ. 'ಮೃತಪಟ್ಟಿದ್ದಾನೆ' ಎಂದಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. 'ಅವರು', 'ಅಗಲಿದ್ದಾರೆ' ಗಂಡಿಗೂ ಹೆಣ್ಣಿಗೂ ಒಂದೇ. ಬಹುವಚನದ ಮರೆಯಲ್ಲಿ 'ಪತ್ನಿ' ಉಳಿದುಹೋಯಿತು.

ಈಗ ಹಳೇ ಸುದ್ದಿಯನ್ನು ಮುಟ್ಟುವುದಿಲ್ಲ. ಖಾಲಿ ನಮೂನೆ ಮಾಡಿಟ್ಟಿದ್ದೇನೆ: "ಅವರು ____ ಅಗಲಿದ್ದಾರೆ. ಅಂತ್ಯಕ್ರಿಯೆ ____ ಗ್ರಾಮದಲ್ಲಿ ____ ನೆರವೇರಲಿದೆ." ವಿಭಕ್ತಿಯನ್ನೂ ಬಿಟ್ಟಿದ್ದೇನೆ, 'ಪತಿಯನ್ನು', 'ಮಗನನ್ನು' ಎಂದು ಪೂರ್ತಿ ಪದವನ್ನೇ ಹೊಸದಾಗಿ ಬರೆಯಬೇಕು. ತುಂಬದ ಗೆರೆ ಕಣ್ಣಿಗೆ ಬೀಳುತ್ತದೆ, ಹಳೇ ಪದ ಬೀಳುವುದಿಲ್ಲ.

ಆದರೂ ಗೆರೆಯಲ್ಲಿ ತಪ್ಪು ಹೆಸರು ತುಂಬಬಹುದು. ಅದಕ್ಕೇ ಕಳಿಸುವ ಮುಂಚೆ ಮನೆಯವರೊಬ್ಬರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ.