ಮೇ ತಿಂಗಳ ರೇಟು ಮಾವಿನ ಮರಕ್ಕೆ ಕೇಳಿಸಲ್ಲ

🥭 1/5

ಫ್ರೆಂಡ್ಸ್, "ಬೆಲೆ ಏರಿದರೆ ಪೂರೈಕೆಯೂ ಏರುತ್ತದೆ" ಅಂತ ಪಿಯುಸಿಯಲ್ಲಿ ಎಷ್ಟು ಸಲ ಬರೆದಿದ್ದೀವಿ ನಾವು! ಸಾಲು ಸರಿಯಾಗೇ ಇದೆ. ಆದರೆ ಎಷ್ಟು ಏರುತ್ತೆ, ಎಷ್ಟು ದಿನದಲ್ಲಿ ಏರುತ್ತೆ ಅನ್ನೋದನ್ನ ಆ ಸಾಲು ಹೇಳಲ್ಲ. ಅದನ್ನ ಹೇಳೋದು ಮುಂದಿನ ಪಾಠ, ಪೂರೈಕೆಯ ಸ್ಥಿತಿಸ್ಥಾಪಕತ್ವ. ಹೆಸರು ಉದ್ದ, ವಿಷಯ ಇಷ್ಟೇ:

ಪೂರೈಕೆಯಲ್ಲಾದ ಶೇಕಡಾ ಬದಲಾವಣೆ ÷ ಬೆಲೆಯಲ್ಲಾದ ಶೇಕಡಾ ಬದಲಾವಣೆ

ಉತ್ತರ 1ಕ್ಕಿಂತ ಜಾಸ್ತಿ ಬಂದರೆ ಪೂರೈಕೆ ಬೆಲೆಯ ಮಾತು ಬೇಗ ಕೇಳುತ್ತೆ ಅಂತ ಅರ್ಥ. 1ಕ್ಕಿಂತ ಕಡಿಮೆ ಇದ್ದರೆ ನಿಧಾನ. ಸೊನ್ನೆಯ ಹತ್ತಿರ ಇದ್ದರೆ ಬೆಲೆ ಎಷ್ಟೇ ಕೂಗಿದರೂ ಅಷ್ಟೇ.

ನಮ್ಮ ಕೋಲಾರದಲ್ಲಿ ಇದರ ಎರಡೂ ತುದಿ ಒಂದೇ ಮಣ್ಣಲ್ಲಿ ಸಿಗುತ್ತೆ. 2023ರ ಬೇಸಿಗೆ ಕಳೆದ ಮೇಲೆ ಟೊಮೇಟೊ ರೇಟು ಏರಿದ್ದು ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಟೊಮೇಟೊ ಕೀಳೋಕೆ ಬರುತ್ತೆ. ಹಾಗಾಗಿ ಸಿಕ್ಕ ಸಿಕ್ಕ ಕಡೆ ನಾಟಿ ಆಯ್ತು, ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಅದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಾವಿದೆ. ಅಲ್ಲಿ ರೇಟು ಏರಿದರೆ ಏನಾಗುತ್ತೆ? ಈ ಸೀರೀಸ್ ಪೂರ್ತಿ ಅದರ ಬಗ್ಗೆನೇ. ನಮ್ಮ ಮನೆಯಲ್ಲೂ ಇದರ ಮೇಲೆ ಒಂದು ತೀರ್ಮಾನ ನಿಂತಿದೆ, ಅದನ್ನ ಕೊನೆಯಲ್ಲಿ ಹೇಳ್ತೀನಿ.

🥭 2/5

ನಮ್ಮ ಚಿಕ್ಕಪ್ಪನಿಗೆ ಶ್ರೀನಿವಾಸಪುರದ ಕಡೆ ಒಂದೆಕರೆ ಬಾದಾಮಿ ತೋಟ ಇದೆ. ಮರದಿಂದ ಮರಕ್ಕೆ ಹೆಚ್ಚುಕಡಿಮೆ 33 ಅಡಿ ಬಿಟ್ಟಿರೋದರಿಂದ ಎಕರೆಗೆ 40 ಮರ. ಲೆಕ್ಕ ಸುಲಭ ಆಗಲಿ ಅಂತ ಮರಕ್ಕೆ 100 ಕೆಜಿ ಅಂದುಕೊಳ್ಳೋಣ. ಒಟ್ಟು 4,000 ಕೆಜಿ.

ಮೇ ತಿಂಗಳ ಮೊದಲ ವಾರ ತೋಟದ ಬಾಗಿಲಲ್ಲಿ ಕೆಜಿಗೆ 40 ರೂಪಾಯಿ ಇದ್ದದ್ದು ಎರಡನೇ ವಾರ 60 ಆಯ್ತು ಅನ್ಕೊಳ್ಳಿ. ಬೆಲೆ ಶೇಕಡಾ 50 ಏರಿತು. ಈಗ ಚಿಕ್ಕಪ್ಪ ಏನು ಮಾಡಬಹುದು?

ಇನ್ನಿಬ್ಬರು ಕೂಲಿಯವರನ್ನ ಕರೆದು, ಸಾಮಾನ್ಯವಾಗಿ ಬಿಟ್ಟುಬಿಡೋ ತುದಿ ಕೊಂಬೆಯ ಕಾಯನ್ನೂ ಕೀಳಿಸಬಹುದು. ಕಾಯಿ ನೆಲಕ್ಕೆ ಬಿದ್ದು ಒಡೆಯದ ಹಾಗೆ ಬಲೆ ಕಟ್ಟಿದ ಕೋಲಲ್ಲೇ ಇಳಿಸಬಹುದು. ಬೇರೆ ವರ್ಷ ಮನೆಗೆ, ನೆಂಟರಿಗೆ ಅಂತ ತೆಗೆದಿಡ್ತಿದ್ದ ಬುಟ್ಟಿಗಳನ್ನೂ ಮಾರಬಹುದು. ಎಲ್ಲ ಸೇರಿಸಿದರೆ 120 ಕೆಜಿ ಜಾಸ್ತಿ ಸಿಕ್ಕಿತು ಅನ್ನಿ. 4,000ಕ್ಕೆ 120 ಅಂದರೆ ಶೇಕಡಾ 3.

3 ÷ 50 = 0.06

ಬೆಲೆ ಅರ್ಧದಷ್ಟು ಜಿಗಿದರೂ ಪೂರೈಕೆ ಕದಲಿದ್ದು ಇಷ್ಟೇ. ಆ 120 ಕೆಜಿ ಕೂಡ ಹೊಸದಾಗಿ ಬೆಳೆದದ್ದಲ್ಲ ಅನ್ನೋದನ್ನ ಗಮನಿಸಿ. ಮೊದಲೇ ಮರದಲ್ಲಿದ್ದು ಪೋಲಾಗ್ತಿದ್ದ, ಇಲ್ಲ ಮನೆಗೆ ಹೋಗ್ತಿದ್ದ ಕಾಯಿ ಅದು. ಗೊಬ್ಬರ ಹಾಕಿದ್ರೆ? ನೀರು ಬಿಟ್ರೆ? ಕಾಯಿಯ ಗಾತ್ರ ಸ್ವಲ್ಪ ಕೂಡಬಹುದು, ಸಂಖ್ಯೆ ಒಂದೂ ಕೂಡಲ್ಲ. ಯಾಕೆ ಅಂತ ತಿಳಿಯೋಕೆ ಮರದ ಕ್ಯಾಲೆಂಡರ್ ನೋಡಬೇಕು.

🥭 3/5

ಮೇ ತಿಂಗಳಲ್ಲಿ ನಾವು ತಿನ್ನೋ ಹಣ್ಣಿನ ಕಥೆ ಶುರುವಾಗೋದು ಹಿಂದಿನ ವರ್ಷದ ಮಳೆಗಾಲದಲ್ಲಿ. ಕೊಯ್ಲು ಮುಗಿದ ಮೇಲೆ ಮಳೆಗೆ ಮರ ಚಿಗುರುತ್ತೆ. ಆ ಚಿಗುರು ಬಲಿತು, ಎಲೆ ಕಡುಹಸಿರಾಗಿ ಗಟ್ಟಿಯಾಗೋಕೆ ತಿಂಗಳುಗಳು ಬೇಕು. ಆಮೇಲೆ ಚಳಿ ಮತ್ತು ಒಣಹವೆ ಸಿಕ್ಕಿದಾಗ ಬಲಿತ ಕೊಂಬೆಯ ತುದಿಯಲ್ಲಿ ಹೂಗೊಂಚಲು ಹೊರಡುತ್ತೆ. ನಮ್ಮ ಕಡೆ ಇದು ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಮಾತು. ಎಳೆ ಚಿಗುರಿನ ತುದಿಯಲ್ಲಿ ಹೂ ಬರೋದು ಕಷ್ಟ. ಹಾಗಾಗಿ ತಡವಾಗಿ ಚಿಗುರಿದ ಕೊಂಬೆ ಆ ವರ್ಷಕ್ಕೆ ಖಾಲಿ.

ಒಂದು ಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರ ದಾಟಿ ಹೂವಿರುತ್ತೆ. ಹೆಚ್ಚಿನವು ಗಂಡು ಹೂ, ಅವು ಕಾಯಾಗೋದೇ ಇಲ್ಲ. ಉಳಿದವುಗಳ ಮೇಲೆ ಜಿಗಿಹುಳು, ಬೂದಿರೋಗ, ಅಕಾಲದ ಮಳೆ. ಮಿಡಿ ಕಚ್ಚಿದ ಮೇಲೂ ಉದುರೋದೇ ಜಾಸ್ತಿ. ಕೊನೆಗೆ ನೂರು ಹೂವಿಗೆ ಒಂದು ಹಣ್ಣೂ ಉಳಿಯಲ್ಲ. ಉಳಿದ ಮಿಡಿ ಬಲಿಯೋಕೆ ಮೂರೂವರೆ, ನಾಲ್ಕು ತಿಂಗಳು.

ಅಂದರೆ ಈ ಮೇ ತಿಂಗಳಲ್ಲಿ ಮರದ ಮೇಲೆ ಎಷ್ಟು ಕಾಯಿ ಇರಬೇಕು ಅನ್ನೋದು ಹೆಚ್ಚುಕಡಿಮೆ ಮಾರ್ಚ್ ಹೊತ್ತಿಗೇ ನಿಂತುಹೋಗಿರುತ್ತೆ. ರೇಟು ಬರೋದು ಆಮೇಲೆ.

ಬಾದಾಮಿಗೆ ಇನ್ನೊಂದು ಗುಣ ಇದೆ. ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಸುಸ್ತು. ಕಾಯಿ ಹೊತ್ತ ಕೊಂಬೆ ಶಕ್ತಿ ಕಳೆದುಕೊಂಡು ಹೊತ್ತಿಗೆ ಸರಿಯಾಗಿ ಚಿಗುರಲ್ಲ, ಚಿಗುರದಿದ್ದರೆ ಹೂವಿಲ್ಲ. ತೋತಾಪುರಿ, ನೀಲಂ ಈ ವಿಷಯದಲ್ಲಿ ವಾಸಿ, ವರ್ಷ ವರ್ಷ ಬಿಡುತ್ತವೆ. ಬಾದಾಮಿಯನ್ನೂ ಹೂ ಬಿಡಿಸೋಕೆ ಪ್ಯಾಕ್ಲೋಬ್ಯುಟ್ರಾಝಾಲ್ ಅನ್ನೋ ರಾಸಾಯನಿಕವನ್ನ ಬುಡದ ಸುತ್ತ ಮಣ್ಣಿಗೆ ಕೊಡೋರಿದ್ದಾರೆ. ಆದರೆ ಅದನ್ನ ಹೂ ಬರೋದಕ್ಕೆ ಮೂರ್ನಾಲ್ಕು ತಿಂಗಳು ಮೊದಲೇ ಕೊಡಬೇಕು. ಅಲ್ಲೂ ಮುಂದಿನ ಮೇ ತಿಂಗಳ ಬೆಲೆಯನ್ನ ಈ ಸೆಪ್ಟೆಂಬರ್‌ನಲ್ಲೇ ಊಹಿಸಬೇಕು.

🥭 4/5

"ರೇಟು ಜಾಸ್ತಿಯಾದ ವಾರ ಮಂಡಿಗೆ ಲಾರಿಗಟ್ಟಲೆ ಮಾವು ಬಂತಲ್ಲ, ಪೂರೈಕೆ ಏರಿತಲ್ವಾ?" ಅಂತ ನನ್ನ ಕ್ಲಾಸ್‌ಮೇಟ್ ಒಬ್ಬಳು ಕೇಳಿದ್ಲು. ಒಳ್ಳೇ ಪ್ರಶ್ನೆ. ಮಂಡಿಗೆ ಬರೋದನ್ನ ಆವಕ ಅಂತಾರೆ. ಆವಕ ಬೇರೆ, ಫಸಲು ಬೇರೆ.

ಚಿಕ್ಕಪ್ಪನ ತೋಟದ 4,000 ಕೆಜಿಯನ್ನ ಮಾಮೂಲಿಯಾಗಿ ನಾಲ್ಕು ವಾರದಲ್ಲಿ, ವಾರಕ್ಕೆ 1,000 ಕೆಜಿಯಂತೆ ಕೀಳ್ತಾರೆ ಅಂತಿಟ್ಟುಕೊಳ್ಳಿ. ರೇಟು 60 ಆದ ವಾರ ಹೆದರಿಕೆ ಶುರುವಾಗುತ್ತೆ: ಇಳಿದುಬಿಟ್ರೆ? ಆಲಿಕಲ್ಲು ಬಿದ್ರೆ? ಆಗ ಒಂದೇ ವಾರ 2,000 ಕೆಜಿ ಕಿತ್ತರೆ ಮಂಡಿಯಲ್ಲಿ ಪೂರೈಕೆ ಎರಡರಷ್ಟಾದ ಹಾಗೆ ಕಾಣುತ್ತೆ. ನಿಜವಾಗಿ ಅದು ಮುಂದಿನ ವಾರದಿಂದ ಸಾಲ ತಂದ ಕಾಯಿ. ಇನ್ನೂ ಬಲಿಯದೆ ಇದ್ದದ್ದನ್ನ ಕಿತ್ತರೆ ಒಂದೊಂದು ಕಾಯೂ ಹಗುರ. ಹಾಗಾಗಿ ಒಟ್ಟು ಫಸಲು 4,000ಕ್ಕಿಂತ ಕಡಿಮೆಯೇ ಆಗಬಹುದು. ಬೆಲೆ ಏರಿದ್ದಕ್ಕೆ ಉತ್ಪಾದನೆ ಇಳಿಯೋದು ವಿಚಿತ್ರ ಅನ್ಸುತ್ತೆ, ಆದರೆ ತೋಟದಲ್ಲಿ ಆಗೋದು ಹೀಗೇ.

ಅವಸರದಲ್ಲಿ ಕಿತ್ತ ಕಾಯನ್ನ ನೀವೂ ಪತ್ತೆ ಹಚ್ಚಬಹುದು. ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತೆ, ಎಳಸು ತೇಲುತ್ತೆ. ಬಲಿತ ಬಾದಾಮಿಯ ತೊಟ್ಟಿನ ಎರಡೂ ಕಡೆ ಹೆಗಲು ಉಬ್ಬಿ, ತೊಟ್ಟು ಸಣ್ಣ ಗುಂಡಿಯಲ್ಲಿ ಕೂತ ಹಾಗಿರುತ್ತೆ. ಎಳೆಯದರ ಹೆಗಲು ಜಾರಿಕೊಂಡಿರುತ್ತೆ. ಎಳಸನ್ನ ಹಣ್ಣು ಮಾಡಿದ್ರೂ ಬಣ್ಣ ಬರಬಹುದು, ರುಚಿ ಬರಲ್ಲ.

ಇನ್ನೊಂದು ಮಾತು. ಎಷ್ಟೋ ರೈತರು ಹೂವಿನ ಹಂತದಲ್ಲೇ ಇಡೀ ತೋಟದ ಫಸಲನ್ನ ವ್ಯಾಪಾರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಔಷಧಿ ಹೊಡೆಯೋಕೆ, ಮನೆ ಖರ್ಚಿಗೆ ಜನವರಿಯಲ್ಲಿ ಕಾಸು ಬೇಕಲ್ಲ. ಆಗ ಮೇ ತಿಂಗಳ 60 ರೂಪಾಯಿ ಮರ ಬೆಳೆಸಿದವನ ಕೈಗೇ ಬರಲ್ಲ. ಇಳುವರಿ ಹೆಚ್ಚಿಸಬೇಕಾದವನಿಗೆ ಬೆಲೆಯ ಸುದ್ದಿ ತಲುಪಿದರೂ ದುಡ್ಡು ತಲುಪಲ್ಲ.

🥭 5/5

ಹಾಗಾದ್ರೆ ಮಾವಿನ ಪೂರೈಕೆ ಯಾವತ್ತೂ ಏರಲ್ವಾ? ಏರುತ್ತೆ, ಕಾಲ ಕೊಡಬೇಕು. ಆಲ್ಫ್ರೆಡ್ ಮಾರ್ಷಲ್ ಹೇಳಿಕೊಟ್ಟ ಮಾರುಕಟ್ಟೆ ಅವಧಿ, ಅಲ್ಪಾವಧಿ, ದೀರ್ಘಾವಧಿಗಳನ್ನ ತೋಟಕ್ಕೆ ತಂದು ನೋಡಿ. ಈ ಮೇ ತಿಂಗಳು ಮಾರುಕಟ್ಟೆ ಅವಧಿ, ಕಾಯಿ ಎಷ್ಟಿದೆಯೋ ಅಷ್ಟೇ. ಮುಂದಿನ ಒಂದೆರಡು ವರ್ಷ ಅಲ್ಪಾವಧಿ, ಇರೋ ಮರಕ್ಕೇ ಸವರಿಕೆ, ಗೊಬ್ಬರ, ಔಷಧಿ ಸರಿಯಾಗಿ ಮಾಡಿ ಸ್ವಲ್ಪ ಹೆಚ್ಚಿಸಬಹುದು. ಹೊಸ ತೋಟ ಹಾಕೋದು ದೀರ್ಘಾವಧಿ. ಕಸಿ ಸಸಿ ನೆಟ್ಟರೆ ಮೊದಲ ಮೂರು ವರ್ಷ ಹೂ ಬಂದರೂ ಚಿವುಟಿಬಿಡಬೇಕು, ಇಲ್ಲದಿದ್ರೆ ಗಿಡ ಬೆಳೆಯಲ್ಲ. ನಾಲ್ಕೈದನೇ ವರ್ಷಕ್ಕೆ ಕೈಗೆ ಸ್ವಲ್ಪ ಕಾಯಿ, ತುಂಬು ಫಸಲಿಗೆ ಹತ್ತು ವರ್ಷ.

ತೊಂದರೆ ಇರೋದು ಇಲ್ಲೇ. ಇವತ್ತಿನ 60 ರೂಪಾಯಿ ನೋಡಿ ನೆಟ್ಟ ಗಿಡ ಕಾಯಿ ಬಿಡೋ ಹೊತ್ತಿಗೆ ಆ ರೇಟು ಇರಲ್ಲ. ಅದನ್ನ ನೋಡಿ ನೆಟ್ಟವರೆಲ್ಲರ ಕಾಯೂ ಒಟ್ಟಿಗೇ ಬರುತ್ತೆ. ಬೆಲೆ ಬಿದ್ದಾಗ ವಾಪಸ್ ಹೋಗೋ ದಾರೀನೂ ಇಲ್ಲ. ಟೊಮೇಟೊ ಬೇಡ ಅಂದರೆ ಮುಂದಿನ ಬೆಳೆಗೆ ರಾಗಿ ಬಿತ್ತಬಹುದು, ಮಾವಿನ ಮರ ಬೆಲೆ ಕೇಳದೆ ಬಿಡ್ತಾನೇ ಇರುತ್ತೆ. 2025ರಲ್ಲಿ ನೋಡಿದ್ವಲ್ಲ. ತೋತಾಪುರಿ ರೇಟು ಕುಸಿದಿತ್ತು. ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿ ಅಲ್ಲಿಗೆ ಬರದ ಹಾಗೆ ತಡೆಯಿತು. ನಮ್ಮ ಕಾಯಿ ನಂಬಿಕೊಂಡಿದ್ದದ್ದೇ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳನ್ನ. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತು ಮಾಡಿತು. ಕೆಜಿಗೆ ಹದಿನಾರು ರೂಪಾಯಿ ಚಿಲ್ಲರೆ. ಬೆಲೆ ಏರಿದಾಗ ಪೂರೈಕೆ ಏರದಿರೋದೂ ಬಿದ್ದಾಗ ಇಳಿಯದಿರೋದೂ ಒಂದೇ ಗುಣದ ಎರಡು ಮುಖ. ಅದಕ್ಕೇ ಮಾವಿನಲ್ಲಿ ಪ್ರಮಾಣ ನಿಂತಲ್ಲೇ ನಿಂತು ಕುಣಿಯೋದೆಲ್ಲ ಬೆಲೆ.

ಈಗ ಮನೆಯ ವಿಷಯ. ಚಿಕ್ಕಪ್ಪನ ಪಕ್ಕದ ಒಂದೆಕರೆ ಖಾಲಿ ಇದೆ. ರೇಟು ನೋಡಿ ಅಲ್ಲೂ ಬಾದಾಮಿ ಹಾಕೋಣ ಅಂತ ಅವರಿಗೆ ಆಸೆ. "ಏನಮ್ಮಾ, ನೀನು ಓದೋ ಪುಸ್ತಕ ಏನನ್ನುತ್ತೆ?" ಅಂದ್ರು. ನಾನು ಹೇಳಿದ್ದು: "ಚಿಕ್ಕಪ್ಪ, ಈ ವರ್ಷದ ರೇಟನ್ನ ಮರೆತುಬಿಡಿ. ಐದು ವರ್ಷ ಆ ನೆಲದಿಂದ ಮಾವಿನ ಕಾಸು ಬರಲ್ಲ, ಆ ಐದು ವರ್ಷ ಹೇಗೆ ಕಳೀತೀರಿ ಅಂತ ಮೊದಲು ಹೇಳಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಎಕರೆಗೆ ಮಾತ್ರ ಸಸಿ, ಸಾಲಿನ ಮಧ್ಯೆ ಕಡಲೆಕಾಯಿ, ಅವರೆ ಅಂದ್ರು. ಎಲ್ಲಾ ಬಾದಾಮಿ ಬೇಡ, ಕೆಲವು ನೀಲಂ ಇರಲಿ ಅಂತ ಚಿಕ್ಕಮ್ಮ ಸೇರಿಸಿದ್ರು. ವರ್ಷ ಬಿಟ್ಟು ವರ್ಷ ಬಿಡೋ ಮರದ ಪಕ್ಕ ವರ್ಷವೂ ಬಿಡೋ ಮರ. ಅಂಗಡಿ ಲೆಕ್ಕ ಬರೆದ ಕೈ ಅವರದು, ಸ್ಥಿತಿಸ್ಥಾಪಕತ್ವ ಅನ್ನೋ ಪದ ಬೇಕಾಗಲಿಲ್ಲ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ "ಮಾವಿನ ಪೂರೈಕೆ ಅಸ್ಥಿತಿಸ್ಥಾಪಕ" ಅಂತ ಅಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟು ಕಾಲದಲ್ಲಿ ಅನ್ನೋದನ್ನೂ ಬರೆಯಿರಿ. ವಾರವೋ, ವರ್ಷವೋ, ಹತ್ತು ವರ್ಷವೋ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ನಿಮ್ಮ ಊರಲ್ಲಿ ಹೀಗೆ ರೇಟಿಗೆ ಕಿವಿಗೊಡದ ಬೆಳೆ ಯಾವುದು? ಅಡಿಕೆನಾ, ಕಾಫಿನಾ, ತೆಂಗಾ? ಕಾಮೆಂಟಲ್ಲಿ ಹೇಳಿ, ಗಿಡ ನೆಟ್ಟು ಎಷ್ಟು ವರ್ಷಕ್ಕೆ ಫಸಲು ಅಂತಾನೂ ಬರೆಯಿರಿ 👇

#ಮಾವು #ಶ್ರೀನಿವಾಸಪುರ #ಅರ್ಥಶಾಸ್ತ್ರ #ಪೂರೈಕೆ #ಕನ್ನಡದಲ್ಲಿ_ಕಲಿ